ಇನ್ನೂರಾ ಒಂದನೆಯ ಪ್ರಯಾಣಿಕ

ಧಾರವಾಡದ ಆ ಕಾಲೇಜಿನ ಸುದ್ದಿ ಈ ಹೊತ್ತಿಗೆ ಜುಬಿಲಿ ಸರ್ಕಲ್‌ನ ಚಹಾದಂಗಡಿಗಳಿಗೂ ತಲುಪಿರುವುದರಿಂದ ಅದನ್ನು ಮೊದಲಿನಿಂದ ಹೇಳುವ ಅಗತ್ಯವಿಲ್ಲ. ವಿದ್ಯಾರ್ಥಿಯೊಬ್ಬ ತನ್ನ ಪ್ರಾಜೆಕ್ಟ್ ವರದಿಯ ಅಂತಿಮ ಪ್ರತಿಗೆ ಬದಲಾಗಿ, ಅಂಚಿನ ತುಂಬ ಖಾಸಗಿ ಟಿಪ್ಪಣಿಗಳಿದ್ದ ಕರಡನ್ನು ಸಲ್ಲಿಸಿದ. ಕಾಲೇಜು ಕೂಡಲೇ ಮೂವರು ಸದಸ್ಯರ ವಿಚಾರಣಾ ಸಮಿತಿಯನ್ನು ನೇಮಿಸಿತು. ಆ ಸಮಿತಿಯನ್ನು ಎಷ್ಟು ಹೊಗಳಿದರೂ ಸಾಲದು. ವಿದ್ಯಾರ್ಥಿಯ ವರದಿಯೊಂದನ್ನು ಮೂವರು ಪ್ರಾಧ್ಯಾಪಕರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದು ಆ ವಿಭಾಗದಲ್ಲಿ ಇದೇ ಮೊದಲಿರಬೇಕು. ಅವರು ಓದಿದ್ದು ಅಂಚನ್ನು ಮಾತ್ರ ಎಂಬುದು ಬೇರೆ ಮಾತು.

ವರದಿಯ ವಿಷಯ ಚಿಗರಿ ಬಸ್ಸು. 2018ರಿಂದ ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ತನ್ನದೇ ದಾರಿಯಲ್ಲಿ ಓಡುವ ಆ ಬಸ್ಸಿನ ಬಗ್ಗೆ ಪ್ರಯಾಣಿಕರಿಗೆ ಸಮಾಧಾನವಿದೆಯೇ ಎಂದು ಹುಡುಗ ಕೇಳಬೇಕಿತ್ತು. ಅವನು ಕೇಳಿದ್ದು ನಿಜ. ಆದರೆ 24 ಪ್ರಶ್ನೆಗಳ ಎರಡು ಪುಟದ ಫಾರ್ಮನ್ನು ಹಿಡಿದುಕೊಂಡು ಚಿಗರಿ ನಿಲ್ದಾಣದಲ್ಲಿ ನಿಂತರೆ ಏನಾಗುತ್ತದೆ ಎಂಬುದು ಒಮ್ಮೆ ನಿಂತವರಿಗೆ ಗೊತ್ತು: ಏಳನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಬಸ್ಸು ಬರುತ್ತದೆ, ಪ್ರಯಾಣಿಕ ಅರ್ಧ ತುಂಬಿದ ಫಾರ್ಮನ್ನೂ ಕೆಲವೊಮ್ಮೆ ಹುಡುಗನ ಪೆನ್ನನ್ನೂ ತೆಗೆದುಕೊಂಡು ಹತ್ತಿಬಿಡುತ್ತಾನೆ. ಉಣಕಲ್ಲು, ನವನಗರ, ವಿದ್ಯಾನಗರ ಎಂದು ತಿರುಗಿ ಅವನಿಗೆ ಸಿಕ್ಕ ಪೂರ್ಣ ಫಾರ್ಮುಗಳು 62.

ಈಗ ಅಂಚಿಗೆ ಬರೋಣ. ವರ್ಡ್ ಕಡತದಲ್ಲಿ ಟಿಪ್ಪಣಿ ಬರೆದರೆ ಬರೆದವರ ಹೆಸರು, ದಿನಾಂಕ, ಗಂಟೆ, ನಿಮಿಷ ಎಲ್ಲವೂ ಅದರೊಂದಿಗೆ ಉಳಿಯುತ್ತವೆ. ಆದ್ದರಿಂದ 90 ಪುಟಗಳ ಈ ವರದಿಯನ್ನು ಮಾರ್ಗದರ್ಶಕರು ಒಂದೇ ರಾತ್ರಿ 11:40ಕ್ಕೆ ಆರಂಭಿಸಿ 11:52ಕ್ಕೆ ಮುಗಿಸಿದರು ಎಂಬುದನ್ನು ಯಾರ ಸಾಕ್ಷ್ಯವೂ ಇಲ್ಲದೆ ತಿಳಿಯಬಹುದು. ಎರಡನೆಯ ಅಧ್ಯಾಯವನ್ನು ಹುಡುಗ ಅಹಮದಾಬಾದಿನ ಬಸ್ ಯೋಜನೆಯ ಮೇಲಿನ ಯಾವುದೋ ವರದಿಯಿಂದ ಎತ್ತಿ, ಊರಿನ ಹೆಸರನ್ನು ಒಂದೇ ಏಟಿಗೆ ಬದಲಾಯಿಸಿದ್ದರಿಂದ ಅಲ್ಲಿ ‘ಸಾಬರಮತಿ ನದಿಯ ದಡದಲ್ಲಿರುವ ಹುಬ್ಬಳ್ಳಿ’ ಎಂಬ ವಾಕ್ಯವಿತ್ತು. ನೀರಿಗಾಗಿ ಕೊಡ ಹಿಡಿದು ದಿನಗಟ್ಟಲೆ ಕಾಯುವ ನಮ್ಮ ಊರಿಗೆ ನದಿಯೊಂದನ್ನು ದಯಪಾಲಿಸಿದ ಆ ಪುಟದ ಮೇಲೆ ಮಾರ್ಗದರ್ಶಕರ ಟಿಪ್ಪಣಿ ಇಷ್ಟೇ: ‘ಚೆನ್ನಾಗಿದೆ. ಅಕ್ಷರದ ಗಾತ್ರ 12 ಇರಲಿ.’

ಮೂರನೆಯ ಅಧ್ಯಾಯದ ಅಂಚಿನಲ್ಲಿ ಅವರು 11:47ಕ್ಕೆ ‘62 ಸಾಲದು, 200 ಮಾಡಿ’ ಎಂದು ಬರೆದಿದ್ದಾರೆ. ಅದರ ಕೆಳಗೆ ಹುಡುಗನ ಉತ್ತರ: ‘ಸರ, ಇಷ್ಟ ಮಂದಿ ಸಿಕ್ಕಾರ್ರಿ. ನಾಡಿದ್ದ ಸಬ್ಮಿಷನ್ ಐತ್ರಿ.’ ಅದಕ್ಕೆ ಮಾರ್ಗದರ್ಶಕರು ಮರುದಿನ ಕೊಟ್ಟ ಮಾರ್ಗದರ್ಶನ ಒಂದೇ ಪದದ್ದು: ‘ನೋಡಿಕೊಳ್ಳಿ.’

ಹುಡುಗ ನೋಡಿಕೊಂಡ. ಪ್ರತಿ ಕೋಷ್ಟಕದ ಪ್ರತಿ ಸಂಖ್ಯೆಯನ್ನೂ 200ರಿಂದ ಗುಣಿಸಿ 62ರಿಂದ ಭಾಗಿಸಿದ. ಬಸ್ಸಿನ ವೇಗ ಸಮಾಧಾನ ತಂದಿದೆ ಎಂದಿದ್ದ 34 ಜನರು 110 ಆದರು, ಪರವಾಗಿಲ್ಲ ಎಂದಿದ್ದ 21 ಜನರು 68 ಆದರು, ಸಮಾಧಾನವಿಲ್ಲ ಎಂದಿದ್ದ ಏಳು ಜನರು 23 ಆದರು. ಮೂರೂ ಸಾಲುಗಳಲ್ಲಿ ಭಿನ್ನಾಂಶ ಅರ್ಧಕ್ಕಿಂತ ಹೆಚ್ಚಿದ್ದುದರಿಂದ ಮೂರೂ ಮೇಲಕ್ಕೆ ಸರಿದವು, ಕೂಡಿದರೆ 201 ಬಂತು. ಇದನ್ನು ಕಂಡುಹಿಡಿದವರು ಮಾರ್ಗದರ್ಶಕರಲ್ಲ, ವಿಭಾಗದ ಮುಖ್ಯಸ್ಥರೂ ಅಲ್ಲ. ‘ಅಡ್ಮಿನ್’ ಎಂಬ ಹೆಸರಿನವರು. ಅವರ ಟಿಪ್ಪಣಿ ಹೀಗಿದೆ: ‘ತಮ್ಮಾ, ಬೇರೀಜು 201 ಬರಾಕತ್ತೈತಿ. ಒಬ್ಬಾಂವ ಹೆಚ್ಚಿಗಿ ಆಗ್ಯಾನ. ಯಾರನ್ನ ತಗೀಲಿ?’

ಈ ಅಡ್ಮಿನ್ ಯಾರು ಎಂಬ ಪ್ರಶ್ನೆಗೇ ಸಮಿತಿಯ ಮೊದಲ ಸಭೆ ಪೂರ್ತಿ ಮೀಸಲಾಯಿತಂತೆ. ಹೊರಗಿನವರು ಕಾಲೇಜಿನ ಗಣಕಯಂತ್ರಕ್ಕೆ ನುಗ್ಗಿರಬೇಕೆಂದು ಒಬ್ಬ ಸದಸ್ಯರು ಶಂಕಿಸಿದರು. ಆಡಳಿತ ಕಚೇರಿಯ ಗುಮಾಸ್ತರನ್ನು ಕರೆಸಿ ಕೇಳಲಾಯಿತು. ಅಡ್ಮಿನ್ ಎಂದರೆ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯವರು. ಅಂಗಡಿಯ ಕಂಪ್ಯೂಟರಿನಲ್ಲಿ ಬಳಕೆದಾರರ ಹೆಸರಿನ ಜಾಗದಲ್ಲಿ ಅದಿರುವುದರಿಂದ ವರ್ಡ್ ಅದನ್ನೇ ಟಿಪ್ಪಣಿಗೂ ಅಂಟಿಸಿದೆ. ಪುಟಕ್ಕೆ ಇಷ್ಟು ಎಂದು ಹಣ ಪಡೆದು ಟೈಪು ಮಾಡಿ, ಬೈಂಡು ಹಾಕಿಕೊಡುವ ಆ ಮನುಷ್ಯ ವರ್ಷಗಳಿಂದ ಈ ವಿಭಾಗದ ವರದಿಗಳನ್ನೆಲ್ಲ ಓದುತ್ತ ಬಂದಿದ್ದಾರೆ. ‘ಈ ಪ್ಯಾರಾ ಹ್ವಾದ ವರ್ಷದ ಹುಡುಗಿ ಪ್ರಾಜೆಕ್ಟಿನ್ಯಾಗೂ ಇತ್ತು’ ಎಂದೂ ಅವರೊಂದು ಕಡೆ ಬರೆದಿದ್ದಾರೆ. ಕೃತಿಚೌರ್ಯ ಪತ್ತೆಗೆ ಕಾಲೇಜು ಇನ್ನು ಬೇರೆ ತಂತ್ರಾಂಶ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಾಗೆಂದು ಇದು ನಮ್ಮ ಊರಿನ ಅವಮಾನವೆಂದೇನೂ ಯಾರೂ ಭಾವಿಸಬೇಕಿಲ್ಲ. 2014ರಲ್ಲಿ ‘ಈಥಾಲಜಿ’ ಎಂಬ ಅಂತಾರಾಷ್ಟ್ರೀಯ ನಿಯತಕಾಲಿಕದಲ್ಲಿ ಮೀನುಗಳ ಕುರಿತ ಪ್ರಬಂಧವೊಂದು ಪ್ರಕಟವಾದಾಗ, ಇನ್ನೊಬ್ಬ ಸಂಶೋಧಕರ ಹೆಸರೆತ್ತಿ ‘ಅವರ ಆ ದರಿದ್ರ ಪ್ರಬಂಧವನ್ನು ಇಲ್ಲಿ ಉಲ್ಲೇಖಿಸಬೇಕೇ’ ಎಂದು ಲೇಖಕರು ತಮ್ಮತಮ್ಮಲ್ಲಿ ಕೇಳಿಕೊಂಡ ಪ್ರಶ್ನೆಯೂ ಆವರಣದೊಳಗೆ ಹಾಗೇ ಅಚ್ಚಾಗಿತ್ತು. ಪರಿಶೀಲಕರು, ಸಂಪಾದಕರು, ಕರಡು ತಿದ್ದುವವರು ಎಲ್ಲರ ಕಣ್ಣನ್ನೂ ಅದು ದಾಟಿಹೋಗಿತ್ತು. ಅಲ್ಲಿ ಯಾರೂ ಝೆರಾಕ್ಸ್ ಅಂಗಡಿಗೆ ಹೋಗಿರಲಿಲ್ಲವೆಂದು ತೋರುತ್ತದೆ.

ಹುಡುಗ ಎಡವಿದ್ದು ಎರಡು ಕಡೆ. ಅವನ ಬಳಿ `Chigari_Project_Final_Corrected_Sir.docx` ಮತ್ತು `Chigari_Project_Final_Corrected_2.docx` ಎಂಬ ಎರಡು ಕಡತಗಳಿದ್ದವು. ಮೊಬೈಲಿನ ಪರದೆಯಲ್ಲಿ ಎರಡರ ಹೆಸರೂ `Chigari_Project_Final_Corr…` ಎಂದೇ ಕಾಣುತ್ತಿತ್ತು. ಮತ್ತೊಂದು, ಅವನು ಹಿಂದಿನ ದಿನ ಕರಡನ್ನು `No Markup` ನೋಟದಲ್ಲಿ ತೆರೆದು, ಟಿಪ್ಪಣಿಗಳು ಕಾಣದ್ದರಿಂದ ಅವು ಇಲ್ಲವೆಂದೇ ನಂಬಿದ್ದ. ಆ ನೋಟ ಟಿಪ್ಪಣಿಗಳನ್ನು ಮರೆಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ಅಳಿಸಬೇಕಾದರೆ `Review` ಪಟ್ಟಿಯಲ್ಲಿ `Delete All Comments in Document` ಒತ್ತಿ, ತಿದ್ದುಪಡಿಗಳನ್ನು `Accept All Changes` ಎಂದು ಒಪ್ಪಿಸಿ, ಕೊನೆಗೆ `Inspect Document` ಮೂಲಕ ಏನಾದರೂ ಉಳಿದಿದೆಯೇ ಎಂದು ನೋಡಬೇಕು. ಇದಕ್ಕೆ ಎರಡು ನಿಮಿಷ ಸಾಕು. ಸಮಿತಿ ಇದನ್ನು ಕಲಿಸಬಹುದಿತ್ತು. ಅದು ಇನ್ನು ಮುಂದೆ ಯಾವ ಮಾರ್ಗದರ್ಶಕರೂ ಕಡತದಲ್ಲಿ ಟಿಪ್ಪಣಿ ಬರೆಯಕೂಡದು, ಸಲಹೆಗಳನ್ನು ಬಾಯಿಮಾತಿನಲ್ಲೇ ಕೊಡತಕ್ಕದ್ದು ಎಂದು ಸುತ್ತೋಲೆ ಹೊರಡಿಸಿತು. ಗಂಟೆ, ನಿಮಿಷ ದಾಖಲಾಗದ ಮಾತು ಎಷ್ಟು ಸುರಕ್ಷಿತ ಎಂಬುದು ಅವರಿಗೆ ಚೆನ್ನಾಗಿ ತಿಳಿದಿದೆ.

ಇಲ್ಲಿಗೆ ನನ್ನ ನಗೆ ನಿಲ್ಲುತ್ತದೆ. ಹುಡುಗ ಸಿಕ್ಕವರನ್ನಲ್ಲ, ಸರಿಯಾಗಿ ಚೀಟಿ ಎತ್ತಿ ಆರಿಸಿದವರನ್ನೇ ಕೇಳಿದ್ದಾನೆಂದು ಇಟ್ಟುಕೊಂಡರೂ, 62 ಜನರ ಉತ್ತರ ಎಲ್ಲ ಪ್ರಯಾಣಿಕರ ಅಭಿಪ್ರಾಯಕ್ಕಿಂತ ಶೇಕಡಾ 12ರಷ್ಟು ಆಚೀಚೆ ಇರಬಹುದು. ನಿಜವಾಗಿ 200 ಜನರನ್ನು ಕೇಳಿದ್ದರೆ ಅದು ಏಳಕ್ಕೆ ಇಳಿಯುತ್ತಿತ್ತು. ಗುಣಾಕಾರದಿಂದ ಅದು ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಬಿಸಿಲಲ್ಲಿ ನಿಂತು 62 ಜನರನ್ನು ಕೇಳಿದ ಹುಡುಗನಿಗೆ, ‘62 ಎಂದೇ ಬರೆ, ಏಕೆ ಅಷ್ಟೇ ಎಂಬುದನ್ನೂ ಬರೆ, ಫಾರ್ಮನ್ನು ಆರು ಪ್ರಶ್ನೆಗೆ ಇಳಿಸು’ ಎಂದು ಹೇಳುವ ಒಬ್ಬ ಮನುಷ್ಯ ಸಂಬಳದ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟಾಗಿಯೂ ನೋಟಿಸು ಬಂದದ್ದು ಹುಡುಗನಿಗೆ, ಅದೂ ಸುಳ್ಳು ಸಂಖ್ಯೆಗಳಿಗಾಗಿ ಅಲ್ಲ. ‘ಸರ್ ಇದನ್ನ ಓದಂಗಿಲ್ಲ, ಬಿಡು’ ಎಂದು ಗೆಳೆಯನಿಗೆ ಬರೆದ ಟಿಪ್ಪಣಿಯಿಂದ ವಿಭಾಗದ ಗೌರವಕ್ಕೆ ಧಕ್ಕೆಯಾಯಿತೆಂದು.

ಹುಡುಗ ಕ್ಷಮಾಪಣೆ ಪತ್ರ ಬರೆದುಕೊಟ್ಟು, ಸ್ವಚ್ಛ ಪ್ರತಿಯನ್ನು ಪಿಡಿಎಫ್ ಮಾಡಿಸಿ ಸಲ್ಲಿಸಿದ್ದಾನೆ. ಸಮಿತಿ ಅದನ್ನು ಪರಿಶೀಲಿಸಿ, ಅಂಚುಗಳಲ್ಲಿ ಯಾವುದೇ ಆಕ್ಷೇಪಾರ್ಹ ಅಂಶ ಕಂಡುಬರಲಿಲ್ಲವೆಂದು ಷರಾ ಬರೆದಿದೆ. ಹುಬ್ಬಳ್ಳಿ ಈಗಲೂ ಸಾಬರಮತಿಯ ದಡದಲ್ಲೇ ಇದೆ. ಕೋಷ್ಟಕದಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ: ಸಮಾಧಾನವಿಲ್ಲದವರು 23 ಇದ್ದದ್ದು 22 ಆಗಿ, ಬೇರೀಜು ಸರಿಯಾಗಿ 200 ಬರುತ್ತದೆ.