ಡೆಮೊ ಆದ ಮೇಲೆ ತೋಟದವರು ಸುಮ್ಮನಾದರೆ

ಕಾಫಿ ತೋಟದ ಲೆಕ್ಕದ ಸಾಫ್ಟ್‌ವೇರ್ ಮಾರುವುದು ನನ್ನ ಕೆಲಸ. ಕೊಡಗಿನಲ್ಲಿ ಡೆಮೊ ನೋಡಿ ಮುಖದ ಮೇಲೇ 'ಬೇಡ' ಅನ್ನುವವರು ಕಡಿಮೆ. ಕಾಫಿ ಕೊಡುತ್ತಾರೆ, 'ಚೆನ್ನಾಗಿದೆ, ನೋಡೋಣ' ಅನ್ನುತ್ತಾರೆ. ಆಮೇಲೆ ಮೆಸೇಜಿಗೆ ನೀಲಿ ಟಿಕ್ ಮಾತ್ರ. ನಮ್ಮ ಲೈನಿನಲ್ಲಿ ಹೆಚ್ಚಿನವರು ತಕ್ಷಣ ಬೆಲೆ ಜಾಸ್ತಿ ಆಯ್ತೇನೋ ಅಂದುಕೊಂಡು, 'ಶನಿವಾರದೊಳಗೆ ಹೇಳಿದ್ರೆ ಡಿಸ್ಕೌಂಟ್' ಅಂತ ಕಳಿಸುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಬೆಲೆಯ ಮಾತೇ ಎತ್ತದವರಿಗೆ ಬೆಲೆ ಇಳಿಸಿದರೆ, ಮೊದಲು ಹೇಳಿದ್ದು ಸುಳ್ಳು ಬೆಲೆ ಅಂತಾಗುತ್ತದೆ, ಅಲ್ವಾ?

ಸಿದ್ದಾಪುರದ ಕಡೆಯ ಒಂದು ರೊಬಸ್ಟಾ ತೋಟದ ವಿಷಯ ಹೇಳುತ್ತೇನೆ. ಡೆಮೊ ಆಗಿದ್ದು ಜನವರಿಯಲ್ಲಿ, ಕೊಯ್ಲಿನ ಹೊತ್ತಿನಲ್ಲಿ. ಮಾಲೀಕರು ಎಲ್ಲದಕ್ಕೂ ತಲೆಯಾಡಿಸಿದರು. ಪಕ್ಕದಲ್ಲಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ಮಾತ್ರ ಒಂದು ಪ್ರಶ್ನೆ ಕೇಳಿದರು: 'ಕೆಲಸದವರ ಹಳೇ ಅಡ್ವಾನ್ಸ್ ಬಾಕಿ ಇದೆಯಲ್ಲ, ಅದನ್ನೆಲ್ಲ ಇದರೊಳಗೆ ಯಾರು ಹಾಕೋದು?'

ಗಂಟು ಇದ್ದಿದ್ದೇ ಅಲ್ಲಿ. ದಿನಾ ಸಂಜೆ ಹಣ್ಣು ತೂಗಿ ಕೆಜಿ ಬರೆಯುವವರು ಅವರೇ. ವಾರಕ್ಕೊಮ್ಮೆ ಅಡ್ವಾನ್ಸ್ ಮುರಿದುಕೊಂಡು ಬಟವಾಡೆ ಮಾಡುವವರೂ ಅವರೇ. ಕೊಯ್ಲಿನ ನಡುವೆ ಹೊಸದು ತಂದರೆ, ಪುಸ್ತಕದಲ್ಲೊಮ್ಮೆ ಫೋನಿನಲ್ಲೊಮ್ಮೆ ಬರೆಯುವ ಪಾಡು ಅವರಿಗೆ. ಅವರು ಹೂಂ ಅನ್ನದೆ ಮಾಲೀಕರು ಹೂಂ ಅನ್ನುವುದಿಲ್ಲ.

ಅಂದು ಸಂಜೆ ಮಾಲೀಕರಿಗೆ ಎರಡೇ ಸಾಲು ಬರೆದೆ: 'ರೈಟರ್ ಕೇಳಿದ್ದಕ್ಕೆ ಸರಿಯಾದ ಉತ್ತರ ಬಾಕಿ ಇದೆ ಸರ್. ಗುರುವಾರ ಕಳಿಸ್ತೀನಿ.' ಗುರುವಾರ ಒಂದು ಹಾಳೆಯ ಫೋಟೋ ಹೋಯಿತು. ಅದರಲ್ಲಿ ಒಬ್ಬರ ಲೆಕ್ಕ ಉದಾಹರಣೆಗೆ: ಹಳೇ ಬಾಕಿ 3000. ಈ ವಾರ 420 ಕೆಜಿ, ಕೆಜಿಗೆ 5 ರೂಪಾಯಿಯಂತೆ 2100. ಮುರಿದಿದ್ದು 500, ಕೈಗೆ 1600, ಉಳಿದ ಬಾಕಿ 2500. ಹಳೇ ಬಾಕಿಯನ್ನು ಮೊದಲ ಸಲ ನಾವೇ ಬಂದು ತುಂಬಿಸಿಕೊಡುತ್ತೇವೆ ಅಂತ ಕೆಳಗೆ ಬರೆದಿದ್ದೆ. 'ನೋಡಿದ್ರಾ?' ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಅವರ ತಲೆಗೆ ಇನ್ನೊಂದು ಕೆಲಸ ಕಟ್ಟಿದ ಹಾಗೆ.

ಉತ್ತರ ಬರಲಿಲ್ಲ. ಸ್ವಲ್ಪ ದಿನ ಬಿಟ್ಟು ಹೀಗೆ ಹಾಕಿದೆ: 'ಕೊಯ್ಲು ಮುಗಿಯೋವರೆಗೆ ನಾನು ಫೋನ್ ಮಾಡಲ್ಲ ಸರ್. ಬೇಡ ಅನ್ನಿಸಿದ್ರೆ ಬೇಡ ಅಂತ ಹಾಕಿ, ಬೇಜಾರಿಲ್ಲ. ಇಲ್ಲಾಂದ್ರೆ ಏಪ್ರಿಲ್‌ನಲ್ಲಿ ಒಂದ್ಸಲ ಕೇಳ್ತೀನಿ.' ಏಪ್ರಿಲ್ ಅಂದಿದ್ದು ಸುಮ್ನೆ ಅಲ್ಲ. ಕೊಯ್ಲು ಮುಗಿಯುತ್ತಿದ್ದಂತೆ ಹೂವಿಗೆ ಸ್ಪ್ರಿಂಕ್ಲರ್ ನೀರು, ಅದಾದ ಮೇಲೆ ಕಾಯಿ ಕಟ್ಟಲು ಇನ್ನೊಂದು ಸಲ ಹೊಡೆಯುವ ಬ್ಯಾಕಿಂಗ್ ನೀರು. ಆ ಗಡಿಬಿಡಿಯಲ್ಲಿ ಲೆಕ್ಕದ ಪದ್ಧತಿ ಬದಲಿಸುವ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಈ ಮೆಸೇಜಿಗೆ ಅಂದೇ ಉತ್ತರ ಬಂತು: 'ನೀರು ಹೊಡೆದಾದ ಮೇಲೆ ಬನ್ನಿ. ರೈಟರ್‌ಗೆ ಹಾಳೆ ತೋರಿಸಿದ್ದೀನಿ.' ಹೋದಾಗ ಅವರು ಕೇಳಿದ್ದು ಅಡ್ವಾನ್ಸ್ ಪುಸ್ತಕ ಒಂದನ್ನೇ. ತೂಕದ ಲೆಕ್ಕ ಸದ್ಯಕ್ಕೆ ಕೈಬರಹದಲ್ಲೇ ಇರಲಿ ಅಂದರು. ಆಗಲಿ ಅಂದೆ.

ಏಪ್ರಿಲ್ ಮೆಸೇಜಿಗೂ ಉತ್ತರ ಕೊಡದವರಿದ್ದಾರೆ. ಅಲ್ಲಿಗೆ ನಿಲ್ಲಿಸುತ್ತೇನೆ. ಪಕ್ಕದ ತೋಟದವರ ಕೈಲಿ ಹೇಳಿಸುವುದಿಲ್ಲ. ಮದುವೆ ಊಟದಲ್ಲಿ ಎದುರು ಸಿಕ್ಕರೆ ಮಳೆ, ಕಾಫಿ ರೇಟು, ಆನೆ ಕಾಟ ಮಾತಾಡಿ ಎದ್ದು ಬರುತ್ತೇನೆ.