ರೆಪೊ ಅಲುಗಲಿಲ್ಲ, ಆದರೆ ತಳ ಏರಿತ್ತು

2022ರ ಏಪ್ರಿಲ್ 8ರಂದು ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಲ್ಲೇ ಉಳಿಸಿತು. ಹಣಕಾಸು ನೀತಿಯೆಂದರೆ ರೆಪೊ ಎಂದಷ್ಟೇ ತಿಳಿದವರಿಗೆ ಅಂದು ಏನೂ ಬದಲಾಗಲಿಲ್ಲ ಎನಿಸಿದ್ದು ಸಹಜ. ಆದರೆ ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಸಾಲದ ಬಡ್ಡಿ, ಅಂದರೆ ಕಾಲ್ ಮನಿ ದರ, ಯಾವ ಮಟ್ಟಕ್ಕಿಂತ ಕೆಳಗಿಳಿಯಬಾರದೋ ಆ ಮಟ್ಟವೇ ಅಂದು ಏರಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆವರೆಗೆ ಹೆಚ್ಚುವರಿ ಹಣವಿದ್ದ ಬ್ಯಾಂಕು ಅದನ್ನು ಶೇ. 3.35ರ ಸ್ಥಿರ ರಿವರ್ಸ್ ರೆಪೊದಲ್ಲಿ ಇಡಬಹುದಿತ್ತು. ಅಂದು ಜಾರಿಗೆ ಬಂದ ಸ್ಟ್ಯಾಂಡಿಂಗ್ ಡೆಪಾಸಿಟ್ ಫೆಸಿಲಿಟಿ, ಅಂದರೆ ಎಸ್‌ಡಿಎಫ್, ಶೇ. 3.75 ಕೊಟ್ಟಿತು. ಒಂದು ಸಾವಿರ ಕೋಟಿ ರೂಪಾಯಿಗೆ ಒಂದು ರಾತ್ರಿಯ ಬಡ್ಡಿ ಸುಮಾರು 9.18 ಲಕ್ಷದಿಂದ 10.27 ಲಕ್ಷಕ್ಕೆ ಏರಿತು. ರಿಸರ್ವ್ ಬ್ಯಾಂಕಿನಲ್ಲೇ ಇಷ್ಟು ಸಿಗುವಾಗ ಇನ್ನೊಂದು ಬ್ಯಾಂಕಿಗೆ ಇದಕ್ಕಿಂತ ಕಡಿಮೆಗೆ, ಅದೂ ಒತ್ತೆಯಿಲ್ಲದೆ, ಸಾಲ ಕೊಡಲು ಯಾರೂ ಒಪ್ಪುವುದಿಲ್ಲ. ಮೇಲ್ಗಡೆ ಶೇ. 4.25ರ ಮಾರ್ಜಿನಲ್ ಸ್ಟ್ಯಾಂಡಿಂಗ್ ಫೆಸಿಲಿಟಿ, ಅಂದರೆ ಎಂಎಸ್‌ಎಫ್, ಇತ್ತು. ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ಆ ದರದಲ್ಲಿ ಸಾಲ ಪಡೆಯಬಲ್ಲ ಬ್ಯಾಂಕು ಅದಕ್ಕಿಂತ ಹೆಚ್ಚು ಬಡ್ಡಿ ತೆರಬೇಕಾಗಿಲ್ಲ. ಹೀಗೆ ತಳಕ್ಕೂ ಮೇಲ್ಮಿತಿಗೂ ನಡುವೆ 90 ಮೂಲಾಂಶಗಳಷ್ಟು, ಅಂದರೆ ಶೇ. 0.90ರಷ್ಟು, ಅಗಲವಾಗಿದ್ದ ಓಣಿ 50ಕ್ಕೆ ಕುಗ್ಗಿತು. ಆಗ ವ್ಯವಸ್ಥೆಯಲ್ಲಿ ಹಣ ತುಂಬಿ ತುಳುಕುತ್ತಿತ್ತು. ಅಂಥ ಕಾಲದಲ್ಲಿ ದರವನ್ನು ಹಿಡಿದಿಡುವುದು ನಡುವಿನ ರೆಪೊ ಅಲ್ಲ, ತಳ. ಹಣದ ಕೊರತೆಯಿದ್ದಾಗ ಮಾತ್ರ ನಾವು ಮೇಲ್ಮಿತಿಯತ್ತ ನೋಡಬೇಕು.

ನನಗೆ ದರಕ್ಕಿಂತಲೂ ಮುಖ್ಯವೆನಿಸುವುದು ಎಸ್‌ಡಿಎಫ್‌ಗೆ ಒತ್ತೆ ಬೇಕಿಲ್ಲ ಎಂಬುದು. ರಿವರ್ಸ್ ರೆಪೊದಲ್ಲಿ ಹಣ ಪಡೆಯುವ ರಿಸರ್ವ್ ಬ್ಯಾಂಕು ಪ್ರತಿಯಾಗಿ ತನ್ನಲ್ಲಿರುವ ಸರ್ಕಾರಿ ಸಾಲಪತ್ರಗಳನ್ನು ಕೊಡಬೇಕು, ಆ ಪತ್ರಗಳಿಗೋ ಮಿತಿಯಿದೆ. 2016ರ ನೋಟು ರದ್ದತಿಯ ನಂತರ ಠೇವಣಿಗಳು ಒಮ್ಮೆಲೇ ಬಂದು ಬಿದ್ದಾಗ ಈ ಮಿತಿ ಎದುರಾಯಿತು. ಆ ವರ್ಷದ ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಹೆಚ್ಚಿದ ಠೇವಣಿಯ ಮೇಲೆ ಶೇ. 100 ನಗದು ಮೀಸಲು ವಿಧಿಸಿ, ಬಡ್ಡಿಯಿಲ್ಲದೆ ಹಣವನ್ನು ಕಟ್ಟಿಹಾಕಬೇಕಾಯಿತು. ಡಿಸೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಂಥ ಒರಟು ಉಪಾಯಕ್ಕಿಂತ, ಬಡ್ಡಿ ಕೊಟ್ಟು ಒತ್ತೆಯಿಲ್ಲದೆ ಹಣ ಹೀರಿಕೊಳ್ಳುವ ದಾರಿ ಎಷ್ಟೋ ನ್ಯಾಯವಾದದ್ದು. 2014ರಲ್ಲೇ ಊರ್ಜಿತ್ ಪಟೇಲ್ ಸಮಿತಿ ಇದನ್ನು ಶಿಫಾರಸು ಮಾಡಿತ್ತು, 2018ರಲ್ಲಿ ಕಾಯ್ದೆಯ ತಿದ್ದುಪಡಿಯೂ ಆಗಿತ್ತು. ಇಷ್ಟು ತಡವಾಗಬೇಕಿರಲಿಲ್ಲ.

ಆದರೂ ಈ ತಳದಲ್ಲಿ ಒಂದು ಬಿರುಕಿದೆ. ಎಸ್‌ಡಿಎಫ್‌ನಲ್ಲಿ ಹಣವಿಡಲು ಮ್ಯೂಚುವಲ್ ಫಂಡ್‌ಗಳಿಗೆ ಅವಕಾಶವಿಲ್ಲ. ಅವು ತಮ್ಮ ಒಂದು ರಾತ್ರಿಯ ಹಣವನ್ನು ಒತ್ತೆಯ ಆಧಾರದ ಟ್ರೆಪ್ಸ್ ಮಾರುಕಟ್ಟೆಯಲ್ಲಿ ಸಾಲವಾಗಿ ಕೊಡುತ್ತವೆ. ಅವುಗಳ ಬಳಿ ಹಣ ಹೆಚ್ಚಾದ ದಿನ ಟ್ರೆಪ್ಸ್ ದರ ತಳಕ್ಕಿಂತ ಕೆಳಗೆ ಜಾರಬಹುದು. ಆಗ ಬ್ಯಾಂಕು ಅಲ್ಲಿ ಅಗ್ಗಕ್ಕೆ ಸಾಲ ಪಡೆದು ಎಸ್‌ಡಿಎಫ್‌ನಲ್ಲಿಟ್ಟು ವ್ಯತ್ಯಾಸವನ್ನು ಗಳಿಸಬಹುದು. ಆದ್ದರಿಂದ ಓಣಿ ಎಷ್ಟು ಬಿಗಿಯಾಗಿದೆ ಎಂದು ತಿಳಿಯಬಯಸುವವರು ಕಾಲ್ ದರವನ್ನು ಮಾತ್ರವಲ್ಲ, ಅದರ ಪಕ್ಕದಲ್ಲೇ ಟ್ರೆಪ್ಸ್ ದರವನ್ನೂ ನೋಡಬೇಕು.