ಹನ್ನೊಂದು ದಿನ ಡ್ರೈವಿಂಗ್ ಮರೆತಿದ್ದ ನಮ್ಮ ಭಾವ

ನಮ್ಮ ಭಾವ 2004ರಲ್ಲಿ ಡಿಎಲ್ ಮಾಡಿಸಿದ್ರು. ಆಗಿನ ರೂಲ್ಸ್ ಪ್ರಕಾರ 20 ವರ್ಷ ಇಲ್ಲಾ ವಯಸ್ಸು 50 ಆಗೋತನಕ, ಯಾವುದು ಮೊದಲು ಬರತ್ತೋ ಅದು. ಇಪ್ಪತ್ತು ವರ್ಷ ಅಂದ್ರೆ ಏನ್ರೀ, ಮದುವೆ ಆಗಿ, ಮಗಳು ಕಾಲೇಜಿಗೆ ಸೇರಿ, ತಲೆ ಮೇಲಿನ ಕೂದಲು ಅರ್ಧ ಉದುರಿ, ನಾಲ್ಕು ಪರ್ಸು ಹರಿದು ಐದನೇದು ಬಂದಿರತ್ತೆ, ಕಾರ್ಡು ಮಾತ್ರ ಒಂದು ಪರ್ಸಿಂದ ಇನ್ನೊಂದಕ್ಕೆ ವರ್ಗಾವಣೆ ಆಗ್ತಾ ಇರತ್ತೆ, ಅದರ ಮೇಲೆ ಸಣ್ಣಕ್ಷರದಲ್ಲಿರೋ ತಾರೀಖು ಯಾರು ನೋಡ್ತಾರೆ? ಭಾವನೂ ನೋಡ್ಲಿಲ್ಲ. 2024ರಲ್ಲಿ ಅದು ಸದ್ದಿಲ್ಲದೆ ಮುಗೀತು.

ಮುಗಿದ ಹನ್ನೊಂದನೇ ದಿನ ಭಾವ ಸಿಗ್ನಲ್ಲಲ್ಲಿ ಕೆಂಪು ದೀಪ ನೋಡ್ಕೊಂಡು ಕಾರು ನಿಲ್ಲಿಸಿದಾರೆ, ಹ್ಯಾಂಡ್ ಬ್ರೇಕ್ ಬೇರೆ ಎಳೆದಿದಾರೆ, ಹಿಂದಿಂದ ಲಾರಿ ಬಂದು ಡಿಕ್ಕಿನ ಹಿಂದಿನ ಸೀಟಿಗೆ ತಂದು ಕೂರಿಸ್ತು. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡವನು. ಇನ್ಶೂರೆನ್ಸ್ ಕಂಪನಿ ದೇವರಿಗಿಂತ ಸ್ವಲ್ಪ ಚಿಕ್ಕದು.

ಸರ್ವೇಯರ್ ಬಂದ್ರು, ಫೋಟೋ ಹೊಡೆದ್ರು, ಆರ್‌ಸಿ ಕೇಳಿದ್ರು, ಪಾಲಿಸಿ ಕಾಪಿ ಕೇಳಿದ್ರು, ಕೊನೆಗೆ ಡಿಎಲ್ ಕೇಳಿದ್ರು. ಕಾರ್ಡು ಕೈಗೆ ತಗೊಂಡವರು ಅದನ್ನ ಸ್ವಲ್ಪ ವಾರೆ ಮಾಡಿ ಬೆಳಕಿಗೆ ಹಿಡಿದು ನೋಡಿದ್ರು. ಕಾರಿನ ಜಖಂ ನೋಡೋವಾಗ ಅಷ್ಟೊತ್ತು ನೋಡಿರ್ಲಿಲ್ಲ. ಎರಡು ವಾರಕ್ಕೆ ಪತ್ರ ಬಂತು: ಅಪಘಾತದ ಸಮಯದಲ್ಲಿ ಚಾಲಕರ ಬಳಿ ಊರ್ಜಿತ ಪರವಾನಗಿ ಇಲ್ಲದ ಕಾರಣ ಕ್ಲೇಮ್ ತಿರಸ್ಕರಿಸಲಾಗಿದೆ.

ಭಾವ ಸುಮ್ನೆ ಕೂರೋರಲ್ಲ, ಪತ್ರ ಬರೋ ಮೊದಲೇ ಆರ್‌ಟಿಓಗೆ ಹೋಗಿ ರಿನ್ಯೂ ಮಾಡಿಸಿದ್ರು. ನಲವತ್ತು ದಾಟಿದವರಿಗೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅದೂ ಕೊಟ್ರು. ಮುಗಿದು ಒಂದು ವರ್ಷದೊಳಗೆ ಅರ್ಜಿ ಹಾಕಿದ್ರಿಂದ ಟೆಸ್ಟೂ ಇಲ್ಲ, ಅಂದ್ರೆ ಇವರಿಗೆ ಇನ್ನೂ ಓಡಿಸೋಕೆ ಬರತ್ತೆ ಅಂತ ಸರ್ಕಾರ ಪರೀಕ್ಷೆನೇ ಮಾಡದೆ ಒಪ್ಕೊಳ್ತು. ಆದ್ರೆ ಹೊಸ ಕಾರ್ಡು ಜಾರಿಗೆ ಬಂದಿದ್ದು ರಿನ್ಯೂ ಆದ ದಿನದಿಂದ, ಹಿಂದಕ್ಕೆ ಹೋಗ್ಲಿಲ್ಲ. ಮುಂಚೆ ಹೀಗಿರ್ಲಿಲ್ಲ. ಮೋಟಾರು ವಾಹನ ಕಾಯ್ದೆ 14ನೇ ಸೆಕ್ಷನ್ನಲ್ಲಿ, ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಜೀವಂತ ಅಂತ ಒಂದು ಸಾಲಿತ್ತು. 2019ರ ತಿದ್ದುಪಡಿಯಲ್ಲಿ ಆ ಸಾಲನ್ನ ತೆಗೆದುಹಾಕಿದ್ರು. ಆಮೇಲಿಂದ ರಾತ್ರಿ ಹನ್ನೆರಡಕ್ಕೆ ಮುಗೀತು ಅಂದ್ರೆ ಮುಗೀತು, ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ನಿಮಗೆ ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲ. ಹಾಗಾಗಿ ದಾಖಲೆ ಪ್ರಕಾರ ಭಾವ ಇಪ್ಪತ್ತು ವರ್ಷ ಡ್ರೈವರ್ರು, ಆಮೇಲೆ ಒಂದಷ್ಟು ದಿನ ಏನೂ ಅಲ್ಲ, ಆಮೇಲೆ ಮತ್ತೆ ಡ್ರೈವರ್ರು.

ಕಂಪನಿ ಕಡೆಯವರ ಮಾತೂ ಹೇಳಬೇಕು, ಪಾಪ. ಸ್ವಂತ ಗಾಡಿ ಡ್ಯಾಮೇಜ್ ಅನ್ನೋದು ಎರಡು ಪಾರ್ಟಿ ನಡುವಿನ ಒಪ್ಪಂದ, ಓಡಿಸೋನ ಹತ್ರ ಅಪಘಾತದ ಹೊತ್ತಿಗೆ ಊರ್ಜಿತ ಲೈಸೆನ್ಸ್ ಇರ್ಬೇಕು ಅಂತ ಪಾಲಿಸಿಯ ಡ್ರೈವರ್ಸ್ ಕ್ಲಾಸ್ ಅನ್ನೋ ಷರತ್ತಲ್ಲಿ ಬರೆದಿದೆ, ಭಾವ ಪ್ರೀಮಿಯಂ ಕಟ್ಟಿ ಒಪ್ಕೊಂಡಿದಾರೆ. ಸರಿ. ನಾನು ಆ ಷರತ್ತನ್ನ ಕೂತ್ಕೊಂಡು ಪೂರ್ತಿ ಓದಿದೆ, ತಲೆ ಕೆಟ್ಟಿದ್ದು ಅಲ್ಲೇ. ಅದರ ಮುಂದಿನ ವಾಕ್ಯದಲ್ಲೇ, ಎಲ್‌ಎಲ್‌ಆರ್ ಇರೋನು ಓಡಿಸಿದ್ರೂ ಕವರ್ ಇದೆ ಅಂತಿದೆ! ಎಲ್ ಬೋರ್ಡ್ ಹಾಕಿರ್ಬೇಕು, ಪಕ್ಕದಲ್ಲಿ ಲೈಸೆನ್ಸ್ ಇರೋ ಒಬ್ಬರು ಕಲಿಸೋಕೆ ಕೂತಿರ್ಬೇಕು, ಅಷ್ಟೇ. ಅಂದ್ರೆ ಅವತ್ತು ಅದೇ ಸಿಗ್ನಲ್ಲಲ್ಲಿ ಭಾವನ ಮಗಳು ಮೂರನೇ ದಿನದ ಕ್ಲಾಸಲ್ಲಿ ಕಾರು ಆಫ್ ಮಾಡ್ಕೊಂಡು, ಹಿಂದಿನೋರ ಹಾರ್ನ್ ಕೇಳಿ ಗಾಬರಿಯಲ್ಲಿ ಡಿವೈಡರ್ ಹತ್ತಿಸಿದ್ರೂ ಕ್ಲೇಮ್‌ಗೆ ದಾರಿ ಇತ್ತು. ಕೆಂಪು ದೀಪಕ್ಕೆ ಮರ್ಯಾದೆ ಕೊಟ್ಟು ನಿಂತಿದ್ದ ಅಪ್ಪನಿಗೆ ಇಲ್ಲ. (ಅಪ್ಪ ಪಕ್ಕದ ಸೀಟಲ್ಲಿ ಕೂತು ಕಲಿಸ್ತಿದ್ರೆ ಅದೂ ಹೋಯ್ತು, ಯಾಕಂದ್ರೆ ಕಲಿಸೋನ ಕಾರ್ಡು ಸತ್ತಿದೆ.)

ಇನ್ನೂ ಚೆನ್ನಾಗಿರೋದು ನಕಲಿ ಲೈಸೆನ್ಸ್ ಕಥೆ. ನೀವು ಸಂಬಳಕ್ಕೆ ಡ್ರೈವರ್ ಇಟ್ಕೊಂಡಿದೀರಿ, ಅವನು ತೋರಿಸಿದ ಕಾರ್ಡು ನೋಡೋಕೆ ಅಸಲಿ ಥರ ಇದೆ, ಒಂದು ರೌಂಡ್ ಓಡಿಸಿ ತೋರಿಸ್ದ, ಚೆನ್ನಾಗೇ ಓಡಿಸ್ತಾನೆ. ಅಪಘಾತ ಆದ್ಮೇಲೆ ಅದು ನಕಲಿ ಅಂತ ಗೊತ್ತಾಯ್ತು. ಆಗ ಮಾಲೀಕ ಆರ್‌ಟಿಓತನಕ ಹೋಗಿ ತನಿಖೆ ಮಾಡ್ಬೇಕಿರ್ಲಿಲ್ಲ, ಕಂಪನಿನೇ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ 2020ರ ಮಾರ್ಚಲ್ಲಿ ಹೇಳಿತು. ಅದೇ ವರ್ಷ ಸೆಪ್ಟೆಂಬರಲ್ಲಿ ಇನ್ನೊಂದು ಕೇಸು, ಡ್ರೈವರ್ ಲೈಸೆನ್ಸ್ ಅಸಲಿ, ಆದ್ರೆ ಮುಗಿದು ವರ್ಷಗಳೇ ಆಗಿತ್ತು. ತಾರೀಖು ನೋಡ್ಕೊಳ್ಳೋದು ಮಾಲೀಕನ ಜವಾಬ್ದಾರಿ, ಕಂಪನಿ ಮೇಲೆ ಹೊಣೆ ಹಾಕೋಕಾಗಲ್ಲ ಅಂತಾಯ್ತು. ಎರಡೂ ತೀರ್ಪಿಗೆ ಬಿಡಿಬಿಡಿಯಾಗಿ ನೋಡಿದ್ರೆ ಕಾರಣ ಇದೆ, ಮಾಲೀಕ ಏನು ನೋಡಬಹುದಿತ್ತು ಅನ್ನೋದರ ಮೇಲೆ ನಿಂತಿವೆ. ಆದ್ರೆ ಅಕ್ಕಪಕ್ಕ ಇಟ್ಟು ಭಾವನಿಗೆ ಓದಿ ಹೇಳಿದೆ ನೋಡಿ, "ಹಂಗಾದ್ರೆ ನಂದು ಅಸಲಿ ಆಗಿದ್ದೇ ತಪ್ಪಾಯ್ತೇನೋ" ಅಂದ್ರು.

ಗ್ಯಾರೇಜ್ ಸೂಪರ್‌ವೈಸರ್ ಮೊದಲ ದಿನವೇ ಕಿವಿಯಲ್ಲಿ ಹೇಳಿದ್ನಂತೆ, ಸರ್, ಮೇಡಂ ಹತ್ರ ಲೈಸೆನ್ಸ್ ಇದ್ಯಲ್ಲ, ಕ್ಲೇಮ್ ಫಾರ್ಮಲ್ಲಿ ಡ್ರೈವರ್ ಹೆಸರು ಅವರದೇ ಬರೀರಿ ಅಂತ. ಭಾವ ಬರೀಲಿಲ್ಲ, ಒಳ್ಳೇದಾಯ್ತು. ಪೊಲೀಸ್ ಕಂಪ್ಲೇಂಟಲ್ಲಿ ಇವರ ಹೆಸರಿದೆ, ಸಿಗ್ನಲ್ ಮೇಲೆ ಕ್ಯಾಮೆರಾ ಇದೆ, ಅಕ್ಕ ಆ ಹೊತ್ತಿಗೆ ಆಫೀಸಲ್ಲಿ ಪಂಚ್ ಮಾಡಿದಾಳೆ. ಲೈಸೆನ್ಸ್ ಮುಗಿದಿದ್ದು ಮರೆವು, ಇದು ಮೋಸ, ಆಮೇಲೆ ಗ್ರಾಹಕರ ಆಯೋಗಕ್ಕೆ ಹೋಗೋಕೂ ಮುಖ ಇರ್ತಿರ್ಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಗುದ್ದಿದ ಲಾರಿ ಕಡೆಯಿಂದ. ತಪ್ಪು ಲಾರಿದು, ಲಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ, ಭಾವ ಅದಕ್ಕೆ ಥರ್ಡ್ ಪಾರ್ಟಿ. ಗಾಡಿ ಜಖಂಗೂ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಲ್ಲಿ ಕೇಳೋ ಪ್ರಶ್ನೆನೇ ಬೇರೆ: ಯಾರ ನಿರ್ಲಕ್ಷ್ಯದಿಂದ ಆಯ್ತು? ಲೈಸೆನ್ಸ್ ಇಲ್ಲ ಅಂದ ಮಾತ್ರಕ್ಕೆ ಅಪಘಾತದಲ್ಲಿ ಅವನ ಪಾಲೂ ಇದೆ ಅನ್ನೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಸ್ವಂತ ಕಂಪನಿ, ವರ್ಷಾವರ್ಷ ದುಡ್ಡು ತಗೊಂಡಿದ್ದು, ಕಾರ್ಡ್ ನೋಡ್ತು, ಮುಖ ಪರಿಚಯ ಇಲ್ಲದ ಲಾರಿ ಕಂಪನಿ ಎದುರು ಮಾತ್ರ ನಿಂತಿದ್ದ ಕಾರು ನಿಂತಿದ್ದ ಕಾರೇ. ಅರ್ಜಿ ಹಾಕಿದಾರೆ, ಡೇಟ್ ಮೇಲೆ ಡೇಟ್ ಬೀಳ್ತಾ ಇದೆ.

ಮೊನ್ನೆ ಪಾಲಿಸಿ ರಿನ್ಯೂವಲ್‌ಗೆ ಅದೇ ಕಂಪನಿಯಿಂದ ಫೋನು. ಮುಗಿಯೋಕೆ ಇನ್ನೂ ಒಂದೂವರೆ ತಿಂಗಳಿದೆ, ಆಗಲೇ ಮೂರು ಮೆಸೇಜು, ಎರಡು ಮೇಲು. ಹುಡುಗಿ ಬಹಳ ನಯವಾಗಿ ಎಂಜಿನ್ ಸಿಸಿ ಕೇಳಿದ್ಲು, ಗಾಡಿ ಯಾವ ವರ್ಷದ್ದು ಕೇಳಿದ್ಲು, ನಾಮಿನಿ ಹೆಸರು ಕೇಳಿದ್ಲು.

ಭಾವ ಕಾದು ಕಾದು, "ಅಮ್ಮಾ, ನನ್ ಲೈಸೆನ್ಸ್ ಯಾವತ್ತಿಗೆ ಮುಗಿಯತ್ತೆ ಅಂತ ಕೇಳಲ್ವೇನಮ್ಮಾ?" ಅಂದ್ರು.

"ಅದೆಲ್ಲ ಈಗ ಬೇಡ ಸರ್," ಅಂದ್ಲು.